ಒಬ್ಬ ಪ್ರಯಾಣಿಕ, ಒಂದು ಕಿಲೋಮೀಟರ್: ಖರ್ಚೆಷ್ಟು?

ನಿಲ್ದಾಣದಿಂದ ಹೊರಡುವಾಗ ಬಸ್ಸಿನಲ್ಲಿ 40 ಮಂದಿ ಇದ್ದಾರೆ. ಇರುವುದು 50 ಸೀಟು. ನೋಡಿದವರು ಒಳ್ಳೆಯ ಕಲೆಕ್ಷನ್ ಎಂದುಕೊಳ್ಳುತ್ತಾರೆ. ಆದರೆ 25 ಕಿ.ಮೀ. ದಾಟುವಷ್ಟರಲ್ಲಿ 10 ಮಂದಿ ಇಳಿದರು, ಇನ್ನು 25 ಕಿ.ಮೀ. ಹೋದಮೇಲೆ ಮತ್ತೆ 10 ಮಂದಿ. ಕೊನೆಯ 25 ಕಿ.ಮೀ.ಗೆ ಉಳಿದವರು ಇಪ್ಪತ್ತೇ ಜನ.

ಸಾರಿಗೆಯವರ ಲೆಕ್ಕ ಶುರುವಾಗುವುದು ಇಲ್ಲಿಂದ. ಒಬ್ಬರು ಒಂದು ಕಿ.ಮೀ. ಪ್ರಯಾಣಿಸಿದರೆ ಅದು ಒಂದು ಪ್ರಯಾಣಿಕ ಕಿಲೋಮೀಟರ್. ಈ ಟ್ರಿಪ್‌ನಲ್ಲಿ 1000, 750, 500 ಸೇರಿ 2250 ಆಯಿತು. ಎಲ್ಲ ಸೀಟೂ ಕೊನೆಯವರೆಗೆ ತುಂಬಿದ್ದರೆ 3750 ಆಗುತ್ತಿತ್ತು. ಹಾಗಾಗಿ ನಿಲ್ದಾಣದಲ್ಲಿ ಶೇ. 80 ಎಂದು ಕಂಡ ಲೋಡ್ ಫ್ಯಾಕ್ಟರ್ ನಿಜಕ್ಕೂ ಶೇ. 60. ಕಂಡಕ್ಟರ್ ಯಾವ ಸ್ಟೇಜಿನಿಂದ ಯಾವ ಸ್ಟೇಜಿಗೆ ಟಿಕೆಟ್ ಕೊಟ್ಟರು ಎಂಬುದರಿಂದ ಇದು ತಿಳಿಯುತ್ತದೆ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ಮಹಿಳೆಯರಿಗೆ ಕೊಡುವ ಶೂನ್ಯ ಟಿಕೆಟ್ಟೂ ಇದೇ ಲೆಕ್ಕಕ್ಕೆ ಸೇರಬೇಕು. ದುಡ್ಡು ಕೊಡದಿದ್ದರೂ ಆಕೆ ಪ್ರಯಾಣಿಕಳೇ.

ಇನ್ನು ಖರ್ಚು. ವಿವರಣೆಗೆಂದು ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಈ ಬಸ್ಸು ದಿನಕ್ಕೆ ನಾಲ್ಕು ಟ್ರಿಪ್‌ನಂತೆ 25 ದಿನ ಓಡಿದರೆ ತಿಂಗಳಿಗೆ 7500 ಕಿ.ಮೀ. ಡಿಪೊದಿಂದ ನಿಲ್ದಾಣಕ್ಕೆ ಖಾಲಿಯಾಗಿ ಹೋಗಿಬರುವ 250 ಕಿ.ಮೀ. ಬೇರೆ. ಅದರ ಡೀಸೆಲ್ ಖರ್ಚಿಗೆ ಸೇರುತ್ತದೆ, ದೂರ ಮಾತ್ರ ಭಾಗಿಸುವ ಸಂಖ್ಯೆಗೆ ಸೇರುವುದಿಲ್ಲ. ಡೀಸೆಲ್ 1,39,500 ರೂಪಾಯಿ, ಟಯರು, ಆಯಿಲ್, ರಿಪೇರಿ 31,000, ಚಾಲಕ ಮತ್ತು ನಿರ್ವಾಹಕರ ಸಂಬಳ 1,00,000, ಸವಕಳಿ, ತೆರಿಗೆ, ವಿಮೆ, ಡಿಪೊ ಖರ್ಚಿನ ಪಾಲು 67,000. ಒಟ್ಟು 3,37,500.

ಅಂದರೆ ಬಸ್ಸು ಒಂದು ಕಿ.ಮೀ. ಓಡಲು 45 ರೂಪಾಯಿ. ಬಸ್ಸಿನಲ್ಲಿ ಸರಾಸರಿ 30 ಮಂದಿ ಇದ್ದರೆ ತಲಾ ಒಂದೂವರೆ ರೂಪಾಯಿ. ಇಪ್ಪತ್ತೇ ಮಂದಿಯಾದರೆ ಎರಡೂಕಾಲು ರೂಪಾಯಿ. ಖರ್ಚು ಪೈಸೆಯಷ್ಟೂ ಏರಿಲ್ಲ. ಹಂಚಿಕೊಳ್ಳುವವರು ಕಡಿಮೆಯಾದರು, ಅಷ್ಟೇ.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ರಾತ್ರಿಯ ಕೊನೆಯ ಟ್ರಿಪ್‌ನಲ್ಲಿ ಸರಾಸರಿ 18 ಮಂದಿ ಎನ್ನೋಣ. ಖರ್ಚು ತಲಾ ಕಿ.ಮೀ.ಗೆ ಎರಡೂವರೆ ರೂಪಾಯಿ, ಟಿಕೆಟ್‌ನಿಂದ ಬರುವುದು 1 ರೂಪಾಯಿ 30 ಪೈಸೆ. ನಷ್ಟದ ಟ್ರಿಪ್, ನಿಲ್ಲಿಸಿ ಎನ್ನುವವರು ಇಲ್ಲಿ ತಪ್ಪುತ್ತಾರೆ. ನಿಲ್ಲಿಸಿದರೆ ಉಳಿಯುವುದು 75 ಕಿ.ಮೀ.ಯ ಡೀಸೆಲ್, ಟಯರು, ರಿಪೇರಿ, ಒಟ್ಟು 1650 ರೂಪಾಯಿ. ಸಂಬಳ, ವಿಮೆ, ತೆರಿಗೆ ಹಾಗೆಯೇ ಇರುತ್ತವೆ. ಕೈತಪ್ಪುವ ಟಿಕೆಟ್ ಹಣವೋ 1755 ರೂಪಾಯಿ.

ಈ ಟ್ರಿಪ್‌ಗೆಂದೇ ಓವರ್‌ಟೈಮ್ ಕೊಡುತ್ತಿದ್ದರೆ ಲೆಕ್ಕ ಬದಲಾಗಬಹುದು. ಇಲ್ಲವಾದರೆ, ನಷ್ಟ ತಪ್ಪಿಸಲೆಂದು ನಿಲ್ಲಿಸಿದ ಆ ಬಸ್ಸು ಪ್ರತಿ ರಾತ್ರಿ ನಷ್ಟವನ್ನು 105 ರೂಪಾಯಿ ಹೆಚ್ಚಿಸುತ್ತದೆ, ಜೊತೆಗೆ ಹಳ್ಳಿಯ ಆ ಜನ ಊರು ಸೇರುವ ದಾರಿಯೂ ಮುಚ್ಚುತ್ತದೆ.