ದುಬೈ ಹನ್ನೊಂದೂವರೆ ಅಂದ್ರೆ ನಮ್ಮಲ್ಲಿ ಒಂದು ಗಂಟೆ

ಕರಾವಳಿಯಿಂದ ಬಂದು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನೆಲೆಸಿದ ನಮ್ಮವರ ಮನೆಯೊಂದಕ್ಕೆ ಹೋದಾಗ ಅಲ್ಲಿ ಚರ್ಚೆ ಜೋರಾಗಿತ್ತು. ಬಿ.ಕಾಂ. ಮುಗಿಸಿದ ಮಗನಿಗೆ ದುಬೈ ಕಂಪನಿಯಿಂದ ಆನ್‌ಲೈನ್ ಸಂದರ್ಶನದ ಆಮಂತ್ರಣ ಬಂದಿತ್ತು. ವಾಟ್ಸಾಪಿನಲ್ಲಿ ಎಚ್.ಆರ್. ಬರೆದದ್ದು ಶುಕ್ರವಾರ 11.30. ಜಿಮೇಲ್ ಆಮಂತ್ರಣದಲ್ಲಿ ಕಾಣುತ್ತಿದ್ದದ್ದು ಶುಕ್ರವಾರ 1 ಗಂಟೆ. ಯಾವುದು ಸರಿ?

ಎರಡೂ ಸರಿಯೇ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಕ್ಯಾಲೆಂಡರ್ ಅದನ್ನು ತಾನೇ ಲೆಕ್ಕ ಹಾಕಿ ನಮ್ಮ ಸಮಯದಲ್ಲಿ ತೋರಿಸುತ್ತದೆ. ಸಮಯದ ಪಕ್ಕ India Standard Time ಅಂತ ಇದೆಯಾ ನೋಡಿಕೊಂಡರೆ ಸಾಕು. ಅದರ ಮೇಲೆ ಮತ್ತೆ ಒಂದೂವರೆ ಗಂಟೆ ಕೂಡಿಸಿ 2.30 ಅಂತ ಕೂತರೆ ಸಂದರ್ಶನ ಕೈತಪ್ಪಿತು. ಸೌದಿಯಾದರೆ ಅಂತರ ಎರಡೂವರೆ ಗಂಟೆ.

ಆದರೆ ಶುಕ್ರವಾರ ಒಂದು ಗಂಟೆ ಜುಮಾ ಹೊತ್ತು. ಸುಮ್ಮನೆ No ಒತ್ತಿದರೆ, ಹುಡುಗನಿಗೆ ಕೆಲಸವೇ ಬೇಡವಂತೆ ಎಂದು ಆಚೆಯವರು ತಿಳಿಯಬಹುದು. Maybe ಒತ್ತಿದರೂ ಕಾರಣ ಅವರಿಗೆ ಗೊತ್ತಾಗಲ್ಲ. ಇಂಥಲ್ಲಿ ಕ್ಯಾಲೆಂಡರಿನಲ್ಲಿ ಆ ಆಮಂತ್ರಣ ತೆರೆದು Propose a new time ಆರಿಸಬೇಕು. ಕಂಪ್ಯೂಟರಿನಲ್ಲಾದರೆ ಅದು Yes, No ಸಾಲಿನ ಬಾಣದ ಗುರುತಿನೊಳಗೆ ಸಿಗುತ್ತದೆ.

ಯಾವ ಸಮಯ ಕೇಳುವುದು? ಮನೆಯವರು ಮಧ್ಯಾಹ್ನ 3 ಅಂದರು. ನಾವು ಬೇಡವೆಂದೆವು. ಆಗ ದುಬೈಯಲ್ಲಿ 1.30. ಯು.ಎ.ಇ.ಯಲ್ಲಿ 2022ರಿಂದ ಸರ್ಕಾರಿ ಕಚೇರಿಗಳಿಗೆ ಶುಕ್ರವಾರ ಅರ್ಧ ದಿನ, ಖಾಸಗಿಯವರಲ್ಲೂ ಹಲವರು ಬೇಗ ಮುಗಿಸುತ್ತಾರೆ. ಅದಕ್ಕೇ ಅದೇ ಶುಕ್ರವಾರ ಬೆಳಿಗ್ಗೆ 11 ಎಂದು ಹಾಕಿಸಿದೆವು, ಅಲ್ಲಿ 9.30. ಈ ಸವಲತ್ತಿನಲ್ಲಿ ಒಂದೇ ಸಮಯ ಸೂಚಿಸಲು ಸಾಧ್ಯ. ಎರಡನೆಯದನ್ನು ಟಿಪ್ಪಣಿಯಲ್ಲಿ ಬರೆಯಬೇಕು. ಹುಡುಗ ಬರೆದದ್ದು ಇಷ್ಟೇ: 'ಜುಮಾ ನಮಾಜ್ ಇರುವುದರಿಂದ 1 ಗಂಟೆಗೆ ಆಗುವುದಿಲ್ಲ. ಶುಕ್ರವಾರ ಭಾರತದ 11 (ದುಬೈ 9.30), ಇಲ್ಲವೇ ಸೋಮವಾರ ಅದೇ ಹೊತ್ತಿಗೆ ಸಿದ್ಧನಿದ್ದೇನೆ.' ಎರಡೂ ಊರಿನ ಸಮಯ ಬರೆದರೆ ಗೊಂದಲಕ್ಕೆ ಜಾಗವಿಲ್ಲ. ನಂತರ Send proposal.

ಕಳಿಸಿದ ಮಾತ್ರಕ್ಕೆ ಸಮಯ ಬದಲಾಗಲ್ಲ, ಇದನ್ನೇ ಹಲವರು ಮರೆಯುತ್ತಾರೆ. ಆಚೆಯವರು ಒಪ್ಪಿ ಉಳಿಸಿದಾಗ ಹೊಸ ಸಮಯದ ಆಮಂತ್ರಣ ಬರುತ್ತದೆ. ಅದಕ್ಕೆ Yes ಒತ್ತಬೇಕು. ಅಲ್ಲಿತನಕ ಹಳೆಯದೇ ಖಾಯಂ. ಗುರುವಾರ ಮಧ್ಯಾಹ್ನದವರೆಗೂ ಬರದಿದ್ದರೆ ವಾಟ್ಸಾಪಿನಲ್ಲಿ ಕೇಳುವುದರಲ್ಲಿ ನಾಚಿಕೆಯಿಲ್ಲ. ಕೆಲವು ಕಂಪನಿಗಳ ಆಮಂತ್ರಣದಲ್ಲಿ ಈ ಆಯ್ಕೆಯೇ ಇರುವುದಿಲ್ಲ, ಆಗ ಅದೇ ಮಾತನ್ನು ಮೇಲ್‌ಗೆ ಉತ್ತರವಾಗಿ ಬರೆದರಾಯಿತು.

ಇನ್ನೊಂದು ಸಂಗತಿ. ಆಮಂತ್ರಣ ಯಾವ ಮೇಲ್ ವಿಳಾಸಕ್ಕೆ ಬಂದಿದೆಯೋ ಅದರಿಂದಲೇ ಉತ್ತರಿಸಿ. ಕಾಕನ ಫೋನಿಗೆ ಫಾರ್ವರ್ಡ್ ಮಾಡಿ ಅಲ್ಲಿ Yes ಒತ್ತಿಸಿದರೆ, ಎಚ್.ಆರ್. ಪಟ್ಟಿಯಲ್ಲಿ ಅಭ್ಯರ್ಥಿಯ ಹೆಸರಿನ ಮುಂದೆ ಉತ್ತರವಿಲ್ಲ ಅಂತಲೇ ಉಳಿದೀತು. ಆ ಕೆಲಸವೇ ಬೇಡವಾದರೆ No ಒತ್ತಿ, ಬೇರೆಡೆ ಸೇರಿದ್ದೇನೆ ಎಂದು ಒಂದು ಸಾಲು ಬರೆಯಿರಿ. ಆ ಮುಕ್ಕಾಲು ಗಂಟೆ ಇನ್ನೊಬ್ಬ ಹುಡುಗನಿಗೆ ಸಿಗುತ್ತದೆ.