ಅದು ನಮ್ಮ ಲಾಂಚ್ ಅಲ್ಲ ಮಾರಾಯ್ರೆ: ಮುಖ ತೋರಿಸದ ಚಾನೆಲ್‌ಗೆ ದುಡ್ಡು ಬರೋದು, ನಿಲ್ಲೋದು ಹೇಗೆ?

ಸಾಗರದಿಂದ ಮಾತಾಡ್ತಿದ್ದೀನಿ, ಹಿಂದೆ ಮಳೆ ಶಬ್ದ ಕೇಳಿಸಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಕಳೆದ ಸಂಚಿಕೆ ಆದ್ಮೇಲೆ ಹೊಸನಗರ, ತೀರ್ಥಹಳ್ಳಿ ಕಡೆಯಿಂದ ತುಂಬಾ ಜನ ಒಂದೇ ಪ್ರಶ್ನೆ ಕೇಳಿದ್ರು: "ಅಣ್ಣಾ, ಮುಖ ತೋರಿಸದೆ, ಬರೀ ವಾಯ್ಸ್ ಕೊಟ್ಟು, ಸ್ಟಾಕ್ ವಿಡಿಯೋ ಹಾಕಿ ಯೂಟ್ಯೂಬ್ ಚಾನೆಲ್ ಮಾಡಿದ್ರೆ ದುಡ್ಡು ಬರುತ್ತಾ?" ಬರುತ್ತೆ. ಆದ್ರೆ ನನ್ನ ಮೊದಲ ಅರ್ಜಿ ರಿಜೆಕ್ಟ್ ಆಗಿತ್ತು, ತಪ್ಪು ಪೂರ್ತಿ ನನ್ನದೇ. ಅದನ್ನೇ ಬಿಡಿಸಿ ಹೇಳ್ತೀನಿ.

ಸಿಗಂದೂರು ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈ 14ಕ್ಕೆ. ಅದಕ್ಕೆ ಸ್ವಲ್ಪ ಮುಂಚೆ ನಾನೊಂದು ಎಂಟು ನಿಮಿಷದ ವಿಡಿಯೋ ಮಾಡಿದ್ದೆ. ಎಂಟೇ ಯಾಕೆ ಅಂದ್ರೆ, ಅಷ್ಟು ಉದ್ದ ಇದ್ರೆ ಮಧ್ಯದಲ್ಲೂ ಜಾಹೀರಾತು ಹಾಕಬಹುದು. ಪತ್ರಿಕೆಗಳಲ್ಲಿ ಬಂದ ವಿಷಯವನ್ನೇ ಜೋಡಿಸಿ ಓದಿದ್ದೆ. ಚಿತ್ರಕ್ಕೆ ಉಚಿತ ಸ್ಟಾಕ್ ಸೈಟ್‌ಗಳಲ್ಲಿ ಸಿಕ್ಕಿದ ಡ್ಯಾಮು, ನದಿ, ದೋಣಿ. ವೀಕ್ಷಣೆ ಚೆನ್ನಾಗೇ ಬಂತು. ಆದ್ರೆ ತುಮರಿ ಕಡೆಯವರೊಬ್ಬರು ಕಮೆಂಟ್ ಹಾಕಿದ್ರು: "ಅದು ನಮ್ಮ ಲಾಂಚ್ ಅಲ್ಲ ಮಾರಾಯ್ರೆ." ನೋಡಿದ್ರೆ ನಿಜ. ಯಾವುದೋ ದೇಶದ ಫೆರ್ರಿ, ಪಕ್ಕದಲ್ಲಿ ಪರದೇಶದ ಲಿಪಿ ಬೇರೆ ಕಾಣ್ತಿತ್ತು.

ಅವತ್ತು ನಕ್ಕು ಸುಮ್ಮನಾದೆ. ಸಾವಿರ ಸಬ್‌ಸ್ಕ್ರೈಬರ್, ಹನ್ನೆರಡು ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಮುಗಿಸಿ ಅರ್ಜಿ ಹಾಕಿದಾಗ ಉತ್ತರ ಬಂತು: ರೀಯೂಸ್ಡ್ ಕಂಟೆಂಟ್. ಆಗಲೇ ಆ ಕಮೆಂಟ್ ಅರ್ಥ ಆಗಿದ್ದು.

ಇಲ್ಲಿ ಎಲ್ಲರೂ ಎಡವೋ ಒಂದು ವಿಷಯ ಇದೆ. "ನಾನು ಲೈಸೆನ್ಸ್ ಇರೋ ಕ್ಲಿಪ್ಪೇ ಹಾಕಿದ್ದೀನಲ್ಲ, ಕಾಪಿರೈಟ್ ಸ್ಟ್ರೈಕ್ ಒಂದೂ ಇಲ್ಲ" ಅಂತ ನಾನೂ ವಾದ ಮಾಡ್ತಿದ್ದೆ. ಆದ್ರೆ ಕಾಪಿರೈಟ್ ಲೆಕ್ಕವೇ ಬೇರೆ, ದುಡ್ಡಿನ ಲೆಕ್ಕವೇ ಬೇರೆ. ಕ್ಲಿಪ್ ಬಳಸೋಕೆ ಒಪ್ಪಿಗೆ ಇದ್ಯಾ ಅನ್ನೋದು ಕಾಪಿರೈಟ್ ಪ್ರಶ್ನೆ. ಅದಕ್ಕೆ ನೀವು ಏನು ಸೇರಿಸಿದ್ರಿ ಅನ್ನೋದು ಮಾನಿಟೈಸೇಷನ್ ಪ್ರಶ್ನೆ. ಮೂಲದವರ ಒಪ್ಪಿಗೆ ಇದ್ರೂ ರೀಯೂಸ್ಡ್ ಅಂತ ಆಗಬಹುದು.

ಎರಡನೇ ನಿಯಮದ ಹೆಸರು ಬದಲಾಗಿದ್ದು 2025ರ ಜುಲೈ 15ಕ್ಕೆ, ಅಂದ್ರೆ ನಮ್ಮ ಸೇತುವೆ ಉದ್ಘಾಟನೆಯ ಮಾರನೇ ದಿನ! ಮೊದಲು ರಿಪಿಟಿಷಿಯಸ್ ಅಂತಿದ್ರು, ಈಗ ಇನ್‌ಆಥೆಂಟಿಕ್ ಕಂಟೆಂಟ್ ಅಂತಾರೆ. ಒಂದೇ ಅಚ್ಚಿನಲ್ಲಿ ಸಾಲುಸಾಲಾಗಿ ಎರಕ ಹೊಯ್ದಂಥ ವಿಡಿಯೋಗಳಿಗೆ ಇದು. ತೀರ್ಥಹಳ್ಳಿಯ ನನ್ನ ಗೆಳೆಯನೊಬ್ಬ ಕೋಟೆಗಳ ಚಾನೆಲ್ ಮಾಡ್ತಾನೆ. ಕವಲೇದುರ್ಗ, ನಗರ, ಮುಂದೆ ಇನ್ನೊಂದು. ಎಲ್ಲದರಲ್ಲೂ ಅದೇ ಮೋಡದ ಶಾಟ್, ಅದೇ ಸಂಗೀತ, "ಈ ಕೋಟೆಯ ರಹಸ್ಯ ಗೊತ್ತಾ?" ಅನ್ನೋ ಅದೇ ಶುರು. ಐದು ಸ್ಕ್ರಿಪ್ಟ್ ತಗೊಂಡು ಊರು, ರಾಜರ ಹೆಸರೆಲ್ಲ ಪೆನ್ಸಿಲ್‌ನಲ್ಲಿ ಹೊಡೆದು ಹಾಕು ಅಂದೆ. ಉಳಿದಿದ್ದು ಐದೂ ಒಂದೇ. ಈಗ ಅವನು ಕೆಳದಿ ನಾಯಕರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರು ಅಂದ್ರೆ ಈಗಿನ ಹೊಸನಗರ ತಾಲೂಕಿನ ನಗರಕ್ಕೆ ಯಾಕೆ ಹೋಯ್ತು ಅನ್ನೋ ಒಂದೇ ಪ್ರಶ್ನೆ ಹಿಡ್ಕೊಂಡು ವಿಡಿಯೋ ಮಾಡ್ತಿದ್ದಾನೆ. ಅದಕ್ಕೆ ಮೋಡದ ಶಾಟ್ ಸಾಲಲ್ಲ, ನಕ್ಷೆ ಬೇಕು. ಅದನ್ನ ಅವನೇ ಬರೀತಾನೆ.

ನಾನು ಬಿ.ಕಾಂ. ಓದಿದವನು, ಹಾಗಾಗಿ ಲಾಂಚ್ ವಿಡಿಯೋ ಮತ್ತೆ ಮಾಡುವಾಗ ಖಾತೆ ಬರೆದೆ. ಎಂಟು ನಿಮಿಷ ಅಂದ್ರೆ 480 ಸೆಕೆಂಡ್. ಒಂದೊಂದು ಶಾಟಿಗೂ ಒಂದು ಸಾಲು: ಎಷ್ಟು ಸೆಕೆಂಡ್, ಎಲ್ಲಿಂದ ಬಂತು, ಲೈಸೆನ್ಸ್ ಏನು, ಯಾಕೆ ಬೇಕು. ಹಳೇ ವಿಡಿಯೋದಲ್ಲಿ 480ಕ್ಕೆ 480 ಸ್ಟಾಕೇ. "ಯಾಕೆ ಬೇಕು" ಅನ್ನೋ ಕಾಲಮ್ಮು ಬಹುತೇಕ ಖಾಲಿ.

ಹೊಸದಕ್ಕೆ ಮೊದಲು ಪ್ರಶ್ನೆ ಬದಲಾಯಿಸಿದೆ. ಸೇತುವೆ ಎಷ್ಟು ಉದ್ದ ಅನ್ನೋದು ಎಲ್ಲರಿಗೂ ಗೊತ್ತು, ಸುಮಾರು 2.4 ಕಿಲೋಮೀಟರ್. ಲಾಂಚ್ ಯಾಕೆ ಬೇಕಾಯ್ತು, ಅದರ ಸಮಯಕ್ಕೆ ಜನ ಹೇಗೆ ಬದುಕಿದ್ರು ಅನ್ನೋದನ್ನ ಹಿಡಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ್ಮೇಲೆ ಶರಾವತಿ ಹಿನ್ನೀರು ಹರಡಿ ತುಮರಿ ಕಡೆಯ ಊರುಗಳು ಸಾಗರದಿಂದ ಕಡಿದು ಹೋದವು. ಬೇಸಿಗೆಯಲ್ಲಿ ನೀರು ತೀರಾ ಇಳಿದ್ರೆ ಲಾಂಚಿನಲ್ಲಿ ವಾಹನ ಸಾಗಿಸೋದೂ ನಿಲ್ತಿತ್ತು. ಅಣೆಕಟ್ಟಿನ ಪೂರ್ಣ ಮಟ್ಟ 1,819 ಅಡಿ. ನೀರು ಇಳಿದಂತೆ ದಡ ಎಷ್ಟು ಹಿಂದೆ ಸರಿಯುತ್ತೆ ಅಂತ ಕೈಯಲ್ಲೇ ನಕ್ಷೆ ಬರೆದು, ಬರೆಯೋ ಕೈಯನ್ನ ಮೇಲಿಂದ ಫೋನಿನಲ್ಲಿ ಶೂಟ್ ಮಾಡಿದೆ. ಅದು 130 ಸೆಕೆಂಡ್. ಹೊಳೆಬಾಗಿಲಲ್ಲಿ ಹಿಂದೆ ಗೆಳೆಯರ ಜೊತೆ ಹೋದಾಗ ಎತ್ತಿಟ್ಟಿದ್ದ ಲಾಂಚಿನ ಕ್ಲಿಪ್, ಹಿನ್ನೀರು ಇಳಿದಾಗ ಕಾಣೋ ಮರದ ಬೊಡ್ಡೆಗಳು, ಎಲ್ಲಾ ಫೋನಿನವು, 170 ಸೆಕೆಂಡ್. ಆ ಕಡೆಯ ಒಬ್ಬ ಅಜ್ಜಿ ಕೊನೇ ಲಾಂಚ್ ತಪ್ಪಿದ ರಾತ್ರಿಯ ಕಥೆ ಹೇಳಿದ್ರು. ಅವರ ಧ್ವನಿ ಮಾತ್ರ, ಚಿತ್ರಕ್ಕೆ ಅಡಿಕೆ ಸುಲಿಯೋ ಅವರ ಕೈ. ಮುಖ ಬೇಡ ಅಂದ್ರು, ನನಗೂ ಅದೇ ಬೇಕಿತ್ತು. 85 ಸೆಕೆಂಡ್. ಉಳಿದ 95 ಮಾತ್ರ ಸ್ಟಾಕ್: ಮಳೆ, ಟರ್ಬೈನ್, ಆಕಾಶ.

ಇಷ್ಟು ಪರ್ಸೆಂಟ್ ಸ್ವಂತ ಇರಬೇಕು ಅಂತ ಯೂಟ್ಯೂಬ್ ಎಲ್ಲೂ ಹೇಳಿಲ್ಲ, ಅಂಥ ಸಂಖ್ಯೆ ಹೇಳೋರನ್ನ ನಂಬಬೇಡಿ. ನಾನು ನೋಡೋದು ಒಂದೇ. ಆಡಿಯೋ ಮ್ಯೂಟ್ ಮಾಡಿ, ಅದೇ ಚಿತ್ರಕ್ಕೆ ಬೇರೆ ಯಾವ್ದೋ ವಿಷಯದ ವಾಯ್ಸ್ ಹಾಕ್ತೀನಿ. ಅದಕ್ಕೂ ಸರಿಹೋದ್ರೆ ಆ ಶಾಟ್ ಬರೀ ಗೋಡೆಗೆ ಅಂಟಿಸಿದ ಕ್ಯಾಲೆಂಡರ್. "ಗದ್ದೆ" ಅಂತ ಹುಡುಕಿದ್ರೆ ಬಾಲಿಯ ಮೆಟ್ಟಿಲು ಗದ್ದೆ ಬರುತ್ತೆ, ಹೊಸನಗರದ್ದಲ್ಲ. ನಮ್ಮೂರ ವಿಷಯಕ್ಕೆ ಸ್ಟಾಕ್ ಸೋಲೋದು ಇಲ್ಲೇ, ನಮಗೆ ಲಾಭ ಆಗೋದೂ ಇಲ್ಲೇ.

ವಾಯ್ಸ್ ಬಗ್ಗೆ ಒಂದು ಮಾತು. ಜೂನ್‌ನಿಂದ ಶೀಟ್ ಮಾಡಿನ ಕೆಳಗೆ ರೆಕಾರ್ಡ್ ಮಾಡೋದು ಆಗದ ಕೆಲಸ, ಎಷ್ಟು ನಾಯ್ಸ್ ಕಡಿಮೆ ಮಾಡಿದ್ರೂ ಧ್ವನಿ ಡಬ್ಬಿಯೊಳಗಿಂದ ಬಂದಂಗಾಗುತ್ತೆ. ನಾನು ಮೇ ತಿಂಗಳಲ್ಲೇ ನಾಲ್ಕೈದು ಸ್ಕ್ರಿಪ್ಟ್ ಓದಿ ಇಟ್ಕೋತೀನಿ. ತುರ್ತು ಇದ್ರೆ ಕಂಬಳಿ ಹೊದ್ದುಕೊಂಡು. ಅಮ್ಮ ಒಂದು ಸಲ ಜ್ವರ ಅಂದುಕೊಂಡು ಕಷಾಯ ತಂದಿದ್ರು.

ರಿಜೆಕ್ಟ್ ಆದ್ರೆ ಏನು ಮಾಡ್ಬೇಕು? ಮೊದಲ ಸಲ ಆದ್ರೆ 30 ದಿನದ ನಂತರ ಮತ್ತೆ ಅರ್ಜಿ ಹಾಕಬಹುದು, ಅದೂ ರಿಜೆಕ್ಟ್ ಆದ್ರೆ 90 ದಿನ ಕಾಯ್ಬೇಕು. ನಿರ್ಧಾರ ತಪ್ಪು ಅನ್ಸಿದ್ರೆ 21 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಐದು ನಿಮಿಷದೊಳಗಿನ, ಅನ್‌ಲಿಸ್ಟೆಡ್ ವಿಡಿಯೋ ಹಾಕಿ, ಮೊದಲ 30 ಸೆಕೆಂಡಲ್ಲಿ ಚಾನೆಲ್ ಯುಆರ್‌ಎಲ್ ತೋರಿಸಿ, ನೀವು ಹೇಗೆ ಕೆಲಸ ಮಾಡ್ತೀರಿ ಅಂತ ತೋರಿಸ್ಬೇಕು. ಸ್ಕ್ರಿಪ್ಟ್ ಪುಸ್ತಕ, ಎಡಿಟಿಂಗ್ ಟೈಮ್‌ಲೈನ್, ನಕ್ಷೆ ಬರೆಯೋ ಕೈ, ಆ ಖಾತೆ ಹಾಳೆ, ಇವೆಲ್ಲ ಅಲ್ಲಿ ಕೆಲಸಕ್ಕೆ ಬರುತ್ತೆ.

ನಾನು ಮೇಲ್ಮನವಿಗೆ ಹೋಗಲಿಲ್ಲ, ತೋರಿಸೋಕೆ ಏನೂ ಇರಲಿಲ್ಲ. ಅವರು ಇಡೀ ಚಾನೆಲ್ಲಿನ ಮುಖ್ಯ ವಿಷಯ, ಹೆಚ್ಚು ನೋಡಿದ್ದು, ಹೊಸದು, ಹೆಚ್ಚು ಸಮಯ ನೋಡಿದ್ದು, ಶೀರ್ಷಿಕೆ, ಥಂಬ್‌ನೇಲ್, ವಿವರಣೆ ಇವನ್ನೇ ನೋಡ್ತಾರೆ. ನನ್ನ ಹೆಚ್ಚು ನೋಡಿದ ವಿಡಿಯೋ ಅಂದ್ರೆ ಅದೇ ಪರದೇಶಿ ಫೆರ್ರಿ! ಅದನ್ನ ಡಿಲೀಟ್ ಮಾಡೋದು ಹೊಟ್ಟೆ ಉರಿಯೋ ಕೆಲಸ, ಯಾಕಂದ್ರೆ ಡಿಲೀಟ್ ಆದ ವಿಡಿಯೋದ ಗಂಟೆಗಳು ಆ 4,000ದಲ್ಲಿ ಲೆಕ್ಕಕ್ಕೆ ಬರಲ್ಲ. ತೆಗೆದೆ. ಗಂಟೆ ಮತ್ತೆ ತುಂಬೋಕೆ ತಿಂಗಳುಗಳೇ ಹಿಡೀತು. ಹೊಸ ಲಾಂಚ್ ವಿಡಿಯೋ ಹಾಕಿ, ಎರಡನೇ ಅರ್ಜಿ ಪಾಸಾದ ವಾರದಲ್ಲಿ ತುಮರಿಯವರು ಮತ್ತೆ ಕಮೆಂಟ್ ಹಾಕಿದ್ರು: "ಈಗ ಸರಿ ಆಯ್ತು. ಆದ್ರೆ ಆ ಬೊಡ್ಡೆ ಹಲಸಿನದ್ದಲ್ಲ, ಮಾವಿನದ್ದು."