ಪ್ರಾಂಶುಪಾಲರಿಗೊಂದು ಇಸ್ಪೋರ್ಟ್ಸ್ ಪತ್ರ

ಎರಡು ದಿನದ ಇಸ್ಪೋರ್ಟ್ಸ್ ಸ್ಪರ್ಧೆಗೆ ಅನುಮತಿ ಕೋರುವ ಗೇಮಿಂಗ್ ಕ್ಲಬ್ ಕಾರ್ಯದರ್ಶಿಯ ಪತ್ರದಲ್ಲಿ ‘ಸಭಾಂಗಣ ಬೇಕು’ ಎಂದಷ್ಟೇ ಇದ್ದರೆ ಸಾಲದು, ತೊಡಕಿರುವುದು ಕರೆಂಟಿನಲ್ಲಿ. ವ್ಯಾಲೊರಂಟ್ ಆಟಕ್ಕೆ ಐವರ ಎರಡು ತಂಡ, ಅಂದರೆ 10 ಕಂಪ್ಯೂಟರ್. ಮಾನಿಟರ್ ಸೇರಿ ಒಂದಕ್ಕೆ 450 ವ್ಯಾಟ್ ಹಿಡಿದರೆ ಒಟ್ಟು 4,500. 230 ವೋಲ್ಟಿನಲ್ಲಿ ಸುಮಾರು 20 ಆಂಪ್. ಇಷ್ಟನ್ನೂ ಒಂದೇ 16 ಆಂಪ್ ಪ್ಲಗ್ಗಿಗೆ ಜೋಡಿಸಿದರೆ, ಕೂಡಲೇ ಅಲ್ಲದಿದ್ದರೂ ಪಂದ್ಯದ ನಡುವೆ ಎಂಸಿಬಿ ಬೀಳಬಹುದು. ಹಾಗಾಗಿ ‘ಎರಡು ಪ್ರತ್ಯೇಕ ಲೈನು, ಎರಡೂ ದಿನ ಎಲೆಕ್ಟ್ರಿಷಿಯನ್’ ಎಂದೇ ಬರೆಯಬೇಕು. ಕಂಪ್ಯೂಟರ್ ಲ್ಯಾಬನ್ನೇ ಕೇಳುವುದಾದರೆ ಇನ್ನೊಂದು ಸಾಲು ಬೇಕು: ಆಟದ ಜೊತೆ ವ್ಯಾನ್‌ಗಾರ್ಡ್ ಎಂಬ ಮೋಸ ತಡೆಯುವ ತಂತ್ರಾಂಶವನ್ನೂ ಹಾಕಬೇಕಾಗುತ್ತದೆ, ಅದಕ್ಕೆ ಬೇಕಾದ ಅಡ್ಮಿನ್ ಪಾಸ್‌ವರ್ಡ್ ಸಾಮಾನ್ಯವಾಗಿ ಲ್ಯಾಬ್ ಸಿಬ್ಬಂದಿಯ ಬಳಿ ಇರುತ್ತದೆ.